ಮೂರು ಚುಕ್ಕಿ ಹಾಕುವ ಮುನ್ನ ಬಿಟ್ಟದ್ದನ್ನು ಓದಿ

ಹಾಸನ ಕೋರ್ಟಿನ ಜೂನಿಯರ್ ಗೆಳೆಯರೇ, ಮೆಮೊದಲ್ಲಿ 1963ರ ಲಿಮಿಟೇಶನ್ ಆಕ್ಟ್‌ನ 5ನೇ ಸೆಕ್ಷನ್ ಉಲ್ಲೇಖಿಸುವಾಗ ಜಾಗ್ರತೆ. ‘ಯಾವುದೇ ಅಪೀಲು ಅಥವಾ ಅರ್ಜಿ’ ಎಂದ ಕೂಡಲೇ, ಸಿಪಿಸಿಯ 21ನೇ ಆರ್ಡರ್ ಅಡಿಯ ಅರ್ಜಿಗಳನ್ನು ಹೊರಗಿಡುವ ಮಾತು ಬರುತ್ತದೆ. ಉದ್ದವಾಯಿತೆಂದು ಅದರ ಜಾಗದಲ್ಲಿ ಮೂರು ಚುಕ್ಕಿ ಇಟ್ಟರೆ, ಡಿಕ್ರಿ ಜಾರಿಯ ಅರ್ಜಿಗೂ ವಿಳಂಬ ಮನ್ನಾ ಉಂಟೆಂದು ಸೀನಿಯರ್ ಓದಿಕೊಳ್ಳುತ್ತಾರೆ. ಬರೀ ಅಪೀಲಿನ ಮೆಮೊ ಆದರೆ ಬಿಡಬಹುದು. ನಾನಾದರೆ ಅಲ್ಲೂ ಪೂರ್ತಿ ಇಡುತ್ತೇನೆ.

ಮೂಲದ ‘ಆತ’ ಎಂಬಲ್ಲಿ ಯಾರೆಂದು ಸ್ಪಷ್ಟಪಡಿಸಲು [ಮೇಲ್ಮನವಿದಾರ] ಎಂದು ಚೌಕ ಆವರಣದಲ್ಲೇ ಬರೆಯಿರಿ. ದುಂಡು ಆವರಣ ಹಾಕಿದರೆ ಕಾಯ್ದೆಯದೇ ಪದ ಅನಿಸುತ್ತದೆ.

ಉಲ್ಲೇಖ ಸುಮಾರು 50 ಪದ ದಾಟಿದರೆ ಪ್ರತ್ಯೇಕ ಬ್ಲಾಕ್ ಮಾಡಿ: ಎರಡೂ ಬದಿ ಅರ್ಧ ಇಂಚು ಒಳಗೆ, ಉದ್ಧರಣ ಚಿಹ್ನೆ ಇಲ್ಲದೆ. ಸೈಟೇಶನ್ ಬ್ಲಾಕಿನ ಕೆಳಗೆ, ಎಡ ಮಾರ್ಜಿನ್‌ನಿಂದ.