ಒಡೆದ ಗ್ರೈಂಡರ್ ಮತ್ತು ನನ್ನ ಮೂರನೇ ಪತ್ರ

ಮಂಡ್ಯದಲ್ಲಿ ನನ್ನದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ. ಊರವರ ಅರ್ಜಿ, ದೂರು ಎಲ್ಲಾ ಟೈಪ್ ಮಾಡಿಕೊಡುವವನು ನಾನೇ. ಆದರೂ ನನ್ನ ಮನೆಯ ಗ್ರೈಂಡರ್ ದುಡ್ಡು ವಾಪಸ್ ಬರಿಸಲು ಮೂರು ಪತ್ರ ಬೇಕಾಯಿತು. ಪಕ್ಕದ ಅಂಗಡಿಯ ಗೆಳೆಯ ಮೊದಲ ದಿನವೇ ಹೇಳಿದ್ದ, "ಆನ್‌ಲೈನ್‌ನೋರಿಗೆ ಕಾಗ್ದ ಬರೀತೀಯಾ? ಸುಮ್ನೆ ಫೆವಿಕ್ವಿಕ್ ಹಾಕ್ಕೊಂಡು ರುಬ್ಬು ಬುಡು." ಈ ಬರಹ ಅವನಿಗೂ ಸೇರಿದೆ.

ಎರಡು ಲೀಟರ್‌ನ ಟೇಬಲ್‌ಟಾಪ್ ಗ್ರೈಂಡರ್, ಸುಮಾರು 4,800 ರೂಪಾಯಿ. ಡಬ್ಬ ತೆಗೆದಾಗ ಕೆಳಗಿನ ಪ್ಲಾಸ್ಟಿಕ್ ಬಾಡಿಯಲ್ಲಿ ಗೇಣುದ್ದ ಬಿರುಕು. ಡ್ರಮ್ ಕೂರಿಸಿದರೆ ಒಂದು ಕಡೆ ವಾಲುತ್ತಿತ್ತು.

ಸಿಟ್ಟಿನಲ್ಲಿ ಮೊದಲ ಪತ್ರ ಎರಡೂವರೆ ಪುಟ ಆಯಿತು. ಮೋಸ, ಹಗಲು ದರೋಡೆ, ಪೊಲೀಸ್, ಕೋರ್ಟು ಎಲ್ಲವೂ ಅದರಲ್ಲಿತ್ತು. ನನಗೇನು ಬೇಕು ಅನ್ನುವುದೊಂದೇ ಇರಲಿಲ್ಲ. ಬಂದ ಉತ್ತರ ಒಂದೇ ಸಾಲು: ಅನಾನುಕೂಲಕ್ಕೆ ವಿಷಾದಿಸುತ್ತೇವೆ.

ಎರಡನೆಯದರಲ್ಲಿ ಮಾಡಿದ ತಪ್ಪು ಇನ್ನೂ ದೊಡ್ಡದು. "ಗ್ರೈಂಡರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ, ವಾರಂಟಿ ಇದೆ" ಎಂದು ಬರೆದೆ. ಅವರಿಗೆ ಅಷ್ಟೇ ಸಾಕಾಯಿತು. ಹಾಗಾದರೆ ನೀವು ಬಳಸಿದ್ದೀರಿ, ಪ್ಲಾಸ್ಟಿಕ್ ಒಡೆದರೆ ವಾರಂಟಿಗೆ ಬರುವುದಿಲ್ಲ, ಸರ್ವಿಸ್ ಸೆಂಟರಿಗೆ ತನ್ನಿ, ಹೊಸ ಬಾಡಿ ಹಾಕಲು 1,200 ಆಗಬಹುದು ಎಂದರು. ವಾರಂಟಿ ಕಾರ್ಡಿನ ಹಿಂಭಾಗ ಓದಿದೆ. ಅವರು ಹೇಳಿದ್ದು ನಿಜವೇ. ಆದರೆ ನನ್ನ ಜಗಳ ವಾರಂಟಿಯದಲ್ಲ. ಒಡೆದದ್ದನ್ನೇ ತಂದುಕೊಟ್ಟಿದ್ದಾರೆ ಅನ್ನುವುದು. "ಕೆಟ್ಟಿದೆ" ಬೇರೆ, "ಒಡೆದೇ ಬಂದಿದೆ" ಬೇರೆ. ದಿನಾ ಟೈಪ್ ಮಾಡುವವನಿಗೆ ಇದು ಹೊಳೆಯಲು ಹತ್ತು ದಿನ ಬೇಕಾಯಿತು.

ಡಬ್ಬ ತೆಗೆಯುವಾಗ ವಿಡಿಯೋ ಮಾಡಿರಲಿಲ್ಲ. ಆದರೆ ಡಬ್ಬ, ಥರ್ಮಾಕೋಲ್ ಎರಡನ್ನೂ ಎಸೆದಿರಲಿಲ್ಲ. ಎಲ್ಲವನ್ನೂ ಮತ್ತೆ ಜೋಡಿಸಿದೆ. ರಟ್ಟು ನಜ್ಜುಗುಜ್ಜಾದ ಮೂಲೆ, ಅದರ ಒಳಗೆ ಮುರಿದ ಥರ್ಮಾಕೋಲ್, ಅದರ ಒಳಗೆ ಬಾಡಿಯ ಬಿರುಕು. ಮೂರೂ ಒಂದೇ ನೇರದಲ್ಲಿದ್ದವು. ಮನೆಯಲ್ಲಿ ಬೀಳಿಸಿದ್ದರೆ ಥರ್ಮಾಕೋಲ್ ಯಾಕೆ ಮುರಿಯುತ್ತೆ, ಅಲ್ವಾ? ಬಿರುಕಿನ ಒಳಗೆ ಹಿಟ್ಟಿನ ಕಲೆಯೂ ಇರಲಿಲ್ಲ. ಹತ್ತಿರದಿಂದ ಅದನ್ನೂ ತೆಗೆದೆ. ಒಟ್ಟು ನಾಲ್ಕು ಫೋಟೋ. ಕೊರಿಯರ್ ಚೀಟಿ ಕಾಣುವ ಹಾಗೆ ಒಂದು.

ಸುಮ್ಮನಿರಲಾರದೆ ಡಬ್ಬವನ್ನು ದಿನಸಿ ಅಂಗಡಿಯ ತಕ್ಕಡಿಗೂ ಇಟ್ಟೆ. ಚೀಟಿಯ ತೂಕಕ್ಕೂ ಅದಕ್ಕೂ ಅರ್ಧ ಕೆಜಿ ವ್ಯತ್ಯಾಸ ಬಂತು. ಅದರಿಂದ ಏನೂ ಸಾಬೀತಾಗಲಿಲ್ಲ, ಆಟೋಗೆ 40 ರೂಪಾಯಿ ದಂಡ.

ಮೂರನೇ ಪತ್ರ ಅರ್ಧ ಪುಟ. ಕಸ್ಟಮರ್ ಕೇರ್‌ಗೆ ಅಲ್ಲ, ಮಾರಿದವರ ದೂರು ಅಧಿಕಾರಿಗೆ. ಆನ್‌ಲೈನ್ ಮಾರುವವರು ಇಂಥವರನ್ನು ನೇಮಿಸಲೇಬೇಕು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿದೆ ಎಂದು 48 ಗಂಟೆಯಲ್ಲಿ ತಿಳಿಸಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಇಂಗ್ಲಿಷಿನಲ್ಲಿ ಕಳಿಸಿದ್ದರ ಮುಖ್ಯ ಭಾಗ ಕನ್ನಡದಲ್ಲಿ ಹೀಗಿದೆ:

"ಈ ಆರ್ಡರಿನ ಗ್ರೈಂಡರ್ ಬಾಡಿ ಒಡೆದ ಸ್ಥಿತಿಯಲ್ಲೇ ನನಗೆ ತಲುಪಿದೆ. ಡಬ್ಬದ ಮೂಲೆ, ಥರ್ಮಾಕೋಲ್ ಮತ್ತು ಬಾಡಿ ಒಂದೇ ಜಾಗದಲ್ಲಿ ಮುರಿದಿರುವುದನ್ನು 1ರಿಂದ 3ನೇ ಫೋಟೋಗಳಲ್ಲಿ ನೋಡಬಹುದು. ಇದು ವಾರಂಟಿ ರಿಪೇರಿಯ ಕೋರಿಕೆಯಲ್ಲ. ಹಿಂದಿನ ಪತ್ರದಲ್ಲಿ ನಾನು ಹಾಗೆ ಬರೆದದ್ದು ತಪ್ಪು. ಗ್ರೈಂಡರನ್ನು ಒಮ್ಮೆಯೂ ಓಡಿಸಿಲ್ಲ. ನಿಮ್ಮ ಖರ್ಚಿನಲ್ಲಿ ವಾಪಸ್ ತೆಗೆದುಕೊಂಡು, ಪೂರ್ತಿ ಹಣವನ್ನು 15 ದಿನದಲ್ಲಿ ಕೊಡಿ."

ಇಮೇಲ್ ಮಾಡಿದೆ, ಅದನ್ನೇ ಸ್ಪೀಡ್ ಪೋಸ್ಟಿನಲ್ಲೂ ಹಾಕಿದೆ. ಹಣ ಬರದಿದ್ದರೆ ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಎಂದು ಕೊನೆಯಲ್ಲಿ ಸೇರಿಸಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಕೊಂಡವನು ಇರುವ ಊರಲ್ಲೇ ಕೇಸ್ ಹಾಕಬಹುದು. ದೂರದ ವ್ಯಾಪಾರಿಗೆ ಮಂಡ್ಯಕ್ಕೆ ಓಡಾಡುವುದು 4,800ಕ್ಕಿಂತ ದುಬಾರಿ. ಆ ಸಾಲನ್ನು ಬೆದರಿಕೆಯ ಹಾಗೆ ಕಾಣದಂತೆ ಹೇಗೆ ಬರೆದೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದು ನನ್ನ ಅಂಗಡಿಯ ವ್ಯಾಪಾರ.

ಎರಡನೇ ದಿನ ದೂರಿನ ನಂಬರ್ ಬಂತು. ವಾರ ಬಿಟ್ಟು ಫೋನ್ ಬಂತು: "ಸರ್, ಬಾಡಿ ಫ್ರೀಯಾಗಿ ಹಾಕಿಕೊಡುತ್ತೇವೆ." ಒಪ್ಪಿದರೆ ಮತ್ತೆ ರಿಪೇರಿ ಲೆಕ್ಕಕ್ಕೇ ಬೀಳುತ್ತೇನೆ. ಪತ್ರದಲ್ಲಿ ಕೇಳಿದ್ದೇ ಬೇಕು ಎಂದೆ. ಅದನ್ನೇ ಅವತ್ತೇ ಇಮೇಲಿನಲ್ಲೂ ಹಾಕಿದೆ. ಹತ್ತೊಂಬತ್ತನೇ ದಿನವೋ ಇಪ್ಪತ್ತನೇ ದಿನವೋ ಪೂರ್ತಿ ಹಣ ಖಾತೆಗೆ ಬಿತ್ತು. ಪ್ರಿಂಟು, ಪೋಸ್ಟು, ಆಟೋ ಸೇರಿ ನನ್ನ ಕೈಯಿಂದ 200 ಹೋಗಿರಬೇಕು. ಅಷ್ಟು ದಿನ ಅಂಗಡಿಯಿಂದ ತಂದ ದೋಸೆ ಹಿಟ್ಟಿನ ದುಡ್ಡು ಬೇರೆ. ಅದರ ಲೆಕ್ಕ ನನ್ನಾಕೆಯ ಹತ್ತಿರ ಇದೆ.

ಗ್ರೈಂಡರ್ ಒಯ್ಯಲು ಬಂದ ಹುಡುಗ ಮೊದಲು ಕೇಳಿದ್ದೇ "ಹಳೇ ಡಬ್ಬ ಇದ್ಯಾ ಅಣ್ಣ?" ಎಂದು. "ಮಂಚದ ಕೆಳಗೆ ಇಟ್ಕೊಂಡು ಅದನ್ನ ಕಾಯ್ತಾ ಕೂತಿದ್ರು ನೋಡಪ್ಪ" ಎಂದು ನನ್ನಾಕೆ ಒಳಗಿನಿಂದಲೇ ಹೇಳಿದಳು. ಹೊಸದನ್ನು ಮೈಸೂರಿನ ಅಂಗಡಿಯಲ್ಲಿ, ಎದುರಿಗೇ ಓಡಿಸಿ ನೋಡಿ ತಂದೆ. 300 ಜಾಸ್ತಿ ಆಯಿತು. ಬಸ್ಸಿನಲ್ಲಿ ಮಂಡ್ಯದವರೆಗೂ ತೊಡೆಯ ಮೇಲೇ ಇತ್ತು.