ಶೀರಕ್ಕೆ ಸಕ್ಕರೆ ಬದಲು ಬೆಲ್ಲ: ಎಷ್ಟು ತೂಕ, ಎಷ್ಟು ನೀರು?

ಒಂದು ಕಪ್ ಸಕ್ಕರೆಯ ಜಾಗಕ್ಕೆ ಒಂದು ಕಪ್ ಬೆಲ್ಲ ಸಾಕು ಅಂದುಕೊಂಡು ಕಳೆದ ಆಟಿಯಲ್ಲಿ ಶೀರ ಮಾಡಿದ್ದೆ. ಸಟ್ಟುಗದಲ್ಲಿ ಎತ್ತಿದರೆ ಗಂಜಿಯ ಹಾಗೆ ಇಳಿಯಿತು, ಸಿಹಿಯೂ ಸಾಲಲಿಲ್ಲ. ಕಪ್ಪಿನಲ್ಲಿ ಅಳೆದದ್ದು ಒಂದು ತಪ್ಪು. ಬೆಲ್ಲ ಕರಗಿಸಿದ ನೀರನ್ನು ಲೆಕ್ಕಕ್ಕೆ ಹಿಡಿಯದೇ ಇದ್ದದ್ದು ಇನ್ನೊಂದು.

ತುರಿದ ಬೆಲ್ಲವನ್ನು ಕಪ್ಪಿಗೆ ಸುಮ್ನೆ ಸುರಿದರೆ ಒಂದು ತೂಕ, ಒತ್ತಿ ತುಂಬಿದರೆ ಮತ್ತೊಂದು. ಹಾಗಾಗಿ ತಕ್ಕಡಿಯಲ್ಲೇ ತೂಗಿ. ಬೆಲ್ಲದಲ್ಲಿ ಸಿಹಿಯ ಜೊತೆ ನೀರು, ಉಪ್ಪಿನಂಶ ಎಲ್ಲ ಇರುವುದರಿಂದ 100 ಗ್ರಾಂ ಸಕ್ಕರೆಗೆ 115ರಿಂದ 120 ಗ್ರಾಂ ಬೆಲ್ಲ ಬೇಕು.

ನಮ್ಮ ಮನೆಯ ಸಕ್ಕರೆ ಶೀರದ ಅಳತೆ ಹೀಗೆ: ರವೆ 150 ಗ್ರಾಂ, ಸಕ್ಕರೆ 150 ಗ್ರಾಂ, ನೀರು 450 ಮಿಲಿ, ತುಪ್ಪ 75 ಗ್ರಾಂ. ಇದಕ್ಕೆ ಬೆಲ್ಲ 175 ಗ್ರಾಂ. ಬೆಲ್ಲವನ್ನು ಪುಡಿ ಮಾಡಿ 75 ಮಿಲಿ ನೀರಿನಲ್ಲಿ ಸಣ್ಣ ಉರಿಯಲ್ಲಿ ಕರಗಿಸಿ, ಸೋಸಿ. ಕರಗಿದರೆ ಸಾಕು, ಪಾಕ ಬರಿಸುವುದು ಬೇಡ. ಈ 75 ಮಿಲಿಯನ್ನು ಒಟ್ಟು ನೀರಿನಿಂದ ಕಳೆಯಿರಿ. ಬೆಲ್ಲದೊಳಗಿನ ನೀರಿಗೆ ಇನ್ನೂ 15 ಮಿಲಿ ಕಳೆಯಿರಿ. ಅಲ್ಲಿಗೆ ರವೆ ಬೇಯಿಸಲು ಉಳಿಯುವುದು 360 ಮಿಲಿ.

ಈ 15 ಮಿಲಿ ಬೆಲ್ಲ ನೋಡಿ ಬದಲಾಗುತ್ತದೆ. ಒಡೆದಾಗ ಟಕ್ಕೆಂದು ತುಂಡಾಗಿ ಒಳಗೆ ಹರಳು ಹರಳಾಗಿ ಕಂಡರೆ ಅದು ಒಣ ಬೆಲ್ಲ, 10 ಮಿಲಿ ಕಳೆದರೂ ಆಯ್ತು. ಚೂರಿಗೆ ಅಂಟಿಕೊಂಡು ಮೇಣದ ಹಾಗೆ ಕೊಯ್ದುಕೊಂಡರೆ ನೀರು ಜಾಸ್ತಿ ಇದೆ ಅಂತ ಅರ್ಥ. ಆಗ 20 ಮಿಲಿ ಕಳೆಯಿರಿ, ಬೆಲ್ಲವನ್ನು 180 ಗ್ರಾಂ ಮಾಡಿ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಡಬ್ಬದ ಮುಚ್ಚಳ ಸರಿಯಾಗಿ ಹಾಕದಿದ್ದರೆ ಬೆಲ್ಲ ಗಾಳಿಯ ನೀರು ಎಳೆದುಕೊಂಡು ಬೆವರುತ್ತದಲ್ವಾ, ಬೇಸಗೆಯಲ್ಲಿ ಸರಿಹೋದ ಅಳತೆ ಆಟಿಯಲ್ಲಿ ಕೈಕೊಡುವುದು ಅದಕ್ಕೇ.

ಇನ್ನು ಬೆಲ್ಲ ಯಾವಾಗ ಹಾಕಬೇಕು ಅನ್ನುವುದು. ಅರ್ಧ ತುಪ್ಪದಲ್ಲಿ ರವೆಯನ್ನು ಪರಿಮಳ ಬರುವವರೆಗೆ ಹುರಿದು, ಕುದಿಯುವ 360 ಮಿಲಿ ನೀರು ಹಾಕಿ, ಮುಚ್ಚಿ ಬೇಯಿಸಿ. ಒಂದು ಕಾಳು ತೆಗೆದು ಬೆರಳಲ್ಲಿ ಒತ್ತಿದರೆ ಪೂರ್ತಿ ಮೆತ್ತಗಾಗಬೇಕು. ಆಮೇಲಷ್ಟೇ ಬಿಸಿ ಬೆಲ್ಲದ ನೀರು. ಮೊದಲೇ ಹಾಕಿದರೆ ಸಿಹಿಯೇ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ರವೆ ಎಷ್ಟು ಬೇಯಿಸಿದರೂ ನಡುವೆ ಗಟ್ಟಿ ಉಳಿಯುತ್ತದೆ.

ಬೆಲ್ಲ ಸೇರಿದ ಕೂಡಲೇ ಶೀರ ಸಡಿಲವಾಗುತ್ತದೆ. ಗಾಬರಿಯಾಗಿ ಹಸಿ ರವೆ ಸೇರಿಸಬೇಡಿ. ಉಳಿದ ತುಪ್ಪ ಹಾಕುತ್ತಾ ಸಣ್ಣ ಉರಿಯಲ್ಲಿ ತಿರುವುತ್ತಿರಿ. ಸಟ್ಟುಗ ಎಳೆದಾಗ ಬಾಣಲೆಯ ತಳ ಒಂದೆರಡು ಸೆಕೆಂಡು ಕಂಡು ಮತ್ತೆ ಮುಚ್ಚಿಕೊಂಡರೆ ಇಳಿಸಿ, ತಣಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ.

ನೀರಿನ ಬದಲು ಹಾಲಿನಲ್ಲಿ ಮಾಡುವವರು ಮಾತ್ರ ಈ ಕ್ರಮ ಹಿಡಿಯಬೇಡಿ. ಬಿಸಿ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುವ ಸಾಧ್ಯತೆ ಜಾಸ್ತಿ.