ಹಾಡು ನಿಂತಾಗ ಕೊಳಲು ಏನು ನುಡಿಸಬೇಕು?

ತುಮಕೂರು ಸುತ್ತಮುತ್ತ ಗಣೇಶನ ಪೆಂಡಾಲು, ರಾಜ್ಯೋತ್ಸವದ ವೇದಿಕೆಗಳಲ್ಲಿ ಒಂದು ತಪ್ಪು ಪದೇ ಪದೇ ಕಿವಿಗೆ ಬೀಳುತ್ತದೆ. ಹಾಡುವವರು ಸಾಲಿನ ಕೊನೆಯ ಸ್ವರ ಹಿಡಿದು ನಿಂತರೆ ಸಾಕು, ಕೀಬೋರ್ಡಿನವರು ಬೆರಳು ಓಡಿಸಿಬಿಡುತ್ತಾರೆ. ಕೊನೆಯ ಪದವೇ ಕೇಳುವುದಿಲ್ಲ. ಆ ಜಾಗಕ್ಕೆ ಒಂದು ‘ಬಿಟ್’, ಅಂದರೆ ಕೊಳಲು ನುಡಿಸುವ ಪುಟ್ಟ ಸ್ವರದ ತುಣುಕು, ಬರೆದಿಟ್ಟುಕೊಳ್ಳುವುದೇ ವಾಸಿ.

ಮೊದಲು ತಾಳ ಹಾಕುತ್ತಾ ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಸ್ವರ ಎಲ್ಲಿ ನಿಲ್ಲುತ್ತದೆ, ಎಷ್ಟು ಎಣಿಕೆ ನಿಲ್ಲುತ್ತದೆ ಅಂತ ಸಾಹಿತ್ಯದ ಪಕ್ಕ ಗುರುತು ಹಾಕಿ.

ಈಗ ಮೋಹನ ರಾಗದ ಒಂದು ಸಾಲು ತೆಗೆದುಕೊಳ್ಳೋಣ. ಗಾಯಕಿ ಎಣಿಕೆಗೊಂದರಂತೆ ‘ಗ ಗ ಪ ದ’ ಹಾಡಿ, ಆಮೇಲೆ ‘ಪ’ ಮೇಲೆ ನಾಲ್ಕು ಎಣಿಕೆ ನಿಲ್ಲುತ್ತಾರೆ. ಮುಂದಿನ ಸಾಲು ‘ಗ ರಿ ಸ ರಿ’, ಅದು ‘ಗ’ ಮೇಲೆ ನಿಲ್ಲುತ್ತದೆ.

‘ಪ’ ಶುರುವಾದ ಮೊದಲ ಎಣಿಕೆಯಲ್ಲಿ ಕೊಳಲು ಸುಮ್ನೆ ಇರಬೇಕು. ಪದದ ಕೊನೆಯ ಅಕ್ಷರ ಬರುವುದೇ ಅಲ್ಲಿ. ಎರಡನೇ ಎಣಿಕೆಯಲ್ಲಿ ಮೇಲಿನ ಸ್ಥಾಯಿಯ ‘ಸ ರಿ’, ಅರ್ಧರ್ಧ ಎಣಿಕೆ. ಮೂರರಲ್ಲಿ ‘ಗ’ ಹಿಡಿದು ನಿಲ್ಲಿ, ನಾಲ್ಕು ಬರುವಷ್ಟರಲ್ಲಿ ಬಿಟ್ಟುಬಿಡಿ. ಗಾಯಕಿ ಉಸಿರು ತೆಗೆದುಕೊಳ್ಳುವುದು ಆ ನಾಲ್ಕನೇ ಎಣಿಕೆಯ ಕೊನೆಗೆ. ಅಲ್ಲಿ ಕೊಳಲು ಇನ್ನೂ ಊದುತ್ತಿದ್ದರೆ ಅವರು ಮುಂದಿನ ಸಾಲನ್ನು ತಡವಾಗಿ ಎತ್ತಿಕೊಳ್ಳುತ್ತಾರೆ.

ಈ ಮೂರು ಸ್ವರಗಳೇ ಯಾಕೆ? ಹಾಡು ‘ದ’ದಿಂದ ‘ಪ’ಕ್ಕೆ ಇಳಿದಿದೆ, ಕೊಳಲು ಏರುತ್ತದೆ. ಹಾಗಾಗಿ ಅದು ಉತ್ತರದಂತೆ ಕೇಳುತ್ತದೆ. ಇಳಿದದ್ದನ್ನೇ ಮತ್ತೆ ಇಳಿಸಿದರೆ ಬರೀ ನಕಲು. ಬಿಟ್ ನಿಲ್ಲುವ ‘ಗ’ ಹಾಡಿನ ‘ಪ’ ಜೊತೆ ಹೊಂದುತ್ತದೆ, ಜೊತೆಗೆ ಮುಂದಿನ ಸಾಲು ಎತ್ತುವುದೂ ‘ಗ’ದಿಂದಲೇ. ಹೊಸಬರಿಗೆ ಶ್ರುತಿ ಕೈಗೆ ಕೊಟ್ಟಂತೆ. ಅದೇ ‘ದ’ ಮೇಲೆ ನಿಂತು ನೋಡಿ: ಪಕ್ಕದ ‘ಪ’ಕ್ಕೆ ತಾಗಿ ಒರಟಾಗುತ್ತದೆ. ಓಡುವಾಗ ‘ದ’ ಬಂದು ಹೋದರೆ ತೊಂದರೆಯಿಲ್ಲ, ನಿಲ್ಲಬಾರದು ಅಷ್ಟೇ. ‘ಮ’ ಅಂತೂ ಬೇಡವೇ ಬೇಡ, ಮೋಹನದಲ್ಲಿ ಅದಿಲ್ಲ.

ಎರಡನೇ ಸಾಲಿಗೆ ಇದೇ ಬಿಟ್ ಅಂಟಿಸಬೇಡಿ. ಅಲ್ಲಿ ಗಾಯಕಿಯೇ ‘ಗ’ದಲ್ಲಿದ್ದಾರೆ. ನೀವೂ ಮೇಲಿನ ‘ಗ’ಕ್ಕೆ ಹೋಗಿ ನಿಂತರೆ ಹೊಸದೇನೂ ಹೇಳಿದಂತಾಗಲಿಲ್ಲ, ಅಲ್ವಾ? ‘ಸ ದ ಪ’ ಅಂತ ಇಳಿದು ‘ಪ’ದಲ್ಲಿ ನಿಲ್ಲಬಹುದು. ನಾನಾದರೆ ಆ ಜಾಗ ಖಾಲಿ ಬಿಡುತ್ತೇನೆ. ಪ್ರತಿ ಸಂದಿಯಲ್ಲೂ ಬಿಟ್ ಬಂದರೆ ಜನ ಹಾಡು ಕೇಳುವುದನ್ನು ಬಿಟ್ಟು ಬಿಟ್‌ಗೇ ಕಾಯುತ್ತಾರೆ.

ಕೀಬೋರ್ಡಿನ ಫಿಲ್-ಇನ್ ಬಟನ್ ಒತ್ತಿ ಮುಗಿಸುವವರಿದ್ದಾರೆ. ಅದು ಬರೀ ತಾಳದ ಉರುಳಿಕೆ, ಅದಕ್ಕೆ ನಿಮ್ಮ ಹಾಡಿನ ಸ್ವರ ಗೊತ್ತಿಲ್ಲ. ಕಡಿಮೆ ಬೆಲೆಯ ಕೀಬೋರ್ಡುಗಳ ಕೊಳಲಿನ ಟೋನೂ ಕೆಲವೊಮ್ಮೆ ತಡವಾಗಿ ಏಳುತ್ತದೆ. ಅರ್ಧ ಎಣಿಕೆಯ ‘ಸ ರಿ’ ಅದರಲ್ಲಿ ಕಲಸಿಹೋಗುತ್ತದೆ. ಕೊಳಲಿನವರು ಸಿಗದಿದ್ದರೆ ಹಾರ್ಮೋನಿಯಂ ಸಾಕು.

ಕೊನೆಗೆ ಆ ರೆಕಾರ್ಡಿಂಗ್ ಹಾಕಿ, ಅದರ ಮೇಲೆ ಬಿಟ್ ನುಡಿಸಿ. ಹಾಡು ಗೊತ್ತಿಲ್ಲದವರೊಬ್ಬರನ್ನು ಕೂರಿಸಿ ಸಾಲಿನ ಕೊನೆಯ ಪದ ಯಾವುದು ಅಂತ ಕೇಳಿ. ಹೇಳಲಾಗದಿದ್ದರೆ ಬಿಟ್ ಇನ್ನೂ ಅರ್ಧ ಎಣಿಕೆ ತಡವಾಗಿ ಶುರುವಾಗಲಿ, ‘ಗ’ ಅಷ್ಟೇ ಚಿಕ್ಕದಾಗಲಿ.